10 ಲೀಟರ್ ಸಿಲಿಂಡರ್ ಇಟ್ಟುಕೊಂಡು Z, a, b ಮೂರನ್ನೂ ಅರ್ಥ ಮಾಡಿಕೊಳ್ಳೋಣ

10 ಲೀಟರ್‌ನ ಒಂದು ಸಿಲಿಂಡರ್ ಇದೆ ಅಂದುಕೊಳ್ಳಿ. ಅದರೊಳಗೆ 4.4 ಕಿಲೋ ಕಾರ್ಬನ್ ಡೈಆಕ್ಸೈಡ್ ಇದೆ. ತಾಪಮಾನ 320 ಕೆಲ್ವಿನ್, ಅಂದರೆ ಹೆಚ್ಚುಕಮ್ಮಿ 47 ಡಿಗ್ರಿ ಸೆಲ್ಸಿಯಸ್. ಒಳಗಿನ ಒತ್ತಡ ಎಷ್ಟು? PV = nRT ಹಾಕಿದರೆ ಸುಮಾರು 263 ಅಟ್ಮಾಸ್ಫಿಯರ್ ಬರುತ್ತದೆ. ಅಳೆದು ನೋಡಿದರೆ ಸಿಗುವುದು 100ರ ಆಸುಪಾಸು. ಇದನ್ನು ಸಣ್ಣಪುಟ್ಟ ವ್ಯತ್ಯಾಸ ಅಂತ ಬಿಟ್ಟುಬಿಡುವ ಹಾಗಿಲ್ಲ, ಉತ್ತರ ಎರಡೂವರೆ ಪಟ್ಟು ತಪ್ಪಾಗಿದೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಸಂಪೀಡ್ಯತಾ ಅಂಶ Z ಮತ್ತು ವ್ಯಾನ್ ಡರ್ ವಾಲ್ಸ್ ಸಮೀಕರಣದ a, b ಎರಡೂ ತಾವಾಗಿಯೇ ಅರ್ಥವಾಗುತ್ತವೆ. ಬೇರೆ ಬೇರೆ ಅನಿಲಗಳ ಹಿಂದೆ ಓಡುವುದು ಬೇಡ, ಇದೊಂದೇ ಸಿಲಿಂಡರ್ ಇಟ್ಟುಕೊಂಡು ಹಂತ ಹಂತವಾಗಿ ಹೋಗೋಣ. ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಹಂತ 1: ಮೊದಲು ಮೋಲಾರ್ ಗಾತ್ರ ಕಂಡುಕೊಳ್ಳಿ

ಒಂದು ಮೋಲ್ ಅನಿಲಕ್ಕೆ ಎಷ್ಟು ಜಾಗ ಸಿಕ್ಕಿದೆ ಅನ್ನುವುದೇ ಮೋಲಾರ್ ಗಾತ್ರ. ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಅಂದರೆ 44 ಗ್ರಾಂ. 4.4 ಕಿಲೋ ಅಂದರೆ 100 ಮೋಲ್. 10 ಲೀಟರನ್ನು 100 ಮೋಲ್ ಹಂಚಿಕೊಂಡರೆ ಒಂದಕ್ಕೆ 0.1 ಲೀಟರ್.

ಈ ಕೆಲಸವನ್ನು ಮೊದಲೇ ಮುಗಿಸಿಬಿಡಿ ಅಂತ ನಾನು ಒತ್ತಿ ಹೇಳುತ್ತೇನೆ. ಪುಸ್ತಕದಲ್ಲಿ ಸಮೀಕರಣ n ಮೋಲ್‌ಗಳಿಗೆ ಬರೆದಿರುತ್ತದೆ, ಅದರಲ್ಲಿ ಒಂದು ಕಡೆ nb, ಇನ್ನೊಂದು ಕಡೆ n²a. ಪರೀಕ್ಷೆಯಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲೇ, n ಅನ್ನು ವರ್ಗ ಮಾಡುವುದೇ ಮರೆತುಹೋಗುತ್ತದೆ. ಮೋಲಾರ್ ಗಾತ್ರ ಹಿಡಿದರೆ n ಅನ್ನುವುದೇ ಕಾಣೆಯಾಗುತ್ತದೆ, ಸಮೀಕರಣ ಇಷ್ಟೇ ಉಳಿಯುತ್ತದೆ:

```
P = RT/(V − b) − a/V²
```

ಇಲ್ಲಿಂದ ಮುಂದೆ V ಅಂದರೆ ಮೋಲಾರ್ ಗಾತ್ರ ಅಂತಲೇ ಓದಿಕೊಳ್ಳಿ.

ಇನ್ನೊಂದು ಮಾತು, ಏಕಮಾನಗಳ ಬಗ್ಗೆ. ಕಾರ್ಬನ್ ಡೈಆಕ್ಸೈಡ್‌ಗೆ a = 3.59 L² atm mol⁻², b = 0.0427 L mol⁻¹. ಇವುಗಳ ಜೊತೆ R = 0.0821 L atm mol⁻¹ K⁻¹ ಹಾಕಬೇಕು. ಕೆಲವು ಪಟ್ಟಿಗಳಲ್ಲಿ a ಬಾರ್ ಲೆಕ್ಕದಲ್ಲಿ 3.64 ಅಂತ ಇರುತ್ತದೆ, ಇನ್ನು ಕೆಲವದರಲ್ಲಿ ಪ್ಯಾಸ್ಕಲ್ ಮತ್ತು ಘನ ಮೀಟರ್ ಲೆಕ್ಕದಲ್ಲಿ 0.364 ಅಂತ. ಮೂರೂ ಒಂದೇ ಸಂಗತಿ, ಆದರೆ R ಕೂಡ ಅದೇ ಏಕಮಾನದಲ್ಲಿರಬೇಕು. ತಾಪಮಾನ ಯಾವಾಗಲೂ ಕೆಲ್ವಿನ್‌ನಲ್ಲೇ.

ಹಂತ 2: Z ಏನು ಹೇಳುತ್ತದೆ ಅಂತ ನೋಡಿ

```
Z = PV/RT
```

ಆದರ್ಶ ಅನಿಲಕ್ಕೆ ಇದು ಯಾವಾಗಲೂ 1. ನೈಜ ಅನಿಲದ Z ಅನ್ನು ಹೀಗೆ ಓದಬಹುದು: ಅದೇ ಜಾಗದಲ್ಲಿ, ಅದೇ ತಾಪಮಾನದಲ್ಲಿ ಆದರ್ಶ ಅನಿಲ ಕೊಡುತ್ತಿದ್ದ ಒತ್ತಡದಲ್ಲಿ ಎಷ್ಟು ಪಾಲು ಈ ಅನಿಲ ಕೊಡುತ್ತಿದೆ? ಅಥವಾ ಒತ್ತಡವನ್ನು ಒಂದೇ ಇಟ್ಟುಕೊಂಡು, ಆದರ್ಶ ಅನಿಲ ತೆಗೆದುಕೊಳ್ಳುತ್ತಿದ್ದ ಜಾಗದಲ್ಲಿ ಎಷ್ಟು ಪಾಲು ಇದು ತೆಗೆದುಕೊಂಡಿದೆ ಅಂತಲೂ ಕೇಳಬಹುದು. Z ಒಂದಕ್ಕಿಂತ ಕಡಿಮೆ ಇದ್ದರೆ ಅನಿಲ ನಾವು ಅಂದುಕೊಂಡದ್ದಕ್ಕಿಂತ ಸುಲಭವಾಗಿ ಕುಗ್ಗುತ್ತಿದೆ. ಜಾಸ್ತಿ ಇದ್ದರೆ ಕುಗ್ಗುವುದಕ್ಕೆ ಒಪ್ಪುತ್ತಿಲ್ಲ.

ನಮ್ಮ ಸಿಲಿಂಡರ್‌ನಲ್ಲಿ RT ಅಂದರೆ 0.0821 × 320 = 26.27. ಆದರ್ಶ ಒತ್ತಡ 26.27 / 0.1 = 262.7. ನಿಜವಾದದ್ದು ಸುಮಾರು 100. ಹಾಗಾಗಿ Z ಸುಮಾರು 0.38. ಏನೋ ಒಂದು ಕಾರಣ ಒತ್ತಡದ ಮೂರನೇ ಎರಡು ಪಾಲಿನ ಹತ್ತಿರ ನುಂಗಿಹಾಕಿದೆ ಅಲ್ವಾ? ಅದನ್ನು ಹಿಡಿಯುವುದೇ ಮುಂದಿನ ಕೆಲಸ.

ಹಂತ 3: a ಮತ್ತು b ಒತ್ತಡವನ್ನು ಯಾವ ಕಡೆ ತಳ್ಳುತ್ತವೆ

1873ರಲ್ಲಿ ಯೊಹಾನೆಸ್ ಡಿಡೆರಿಕ್ ವ್ಯಾನ್ ಡರ್ ವಾಲ್ಸ್ ಲೈಡನ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌.ಡಿ. ಪ್ರಬಂಧದಲ್ಲಿ ಈ ಸಮೀಕರಣ ಬಂತು. ಅಣುಗಳಿಗೆ ಗಾತ್ರ ಇದೆ, ಅವು ಒಂದನ್ನೊಂದು ಸೆಳೆಯುತ್ತವೆ, ಈ ಎರಡನ್ನು ಒಪ್ಪಿಕೊಂಡರೆ ಸಾಕು ಅನ್ನುವುದು ಅವರ ದಾರಿ. ಎರಡನ್ನೂ ಬೇರೆ ಬೇರೆ ನೋಡಿ.

b ಇರುವುದು RT/(V − b) ಅನ್ನುವ ಭಾಗದಲ್ಲಿ. ಅಣುಗಳಿಗೆ ಓಡಾಡಲು ಸಿಗುವ ಜಾಗ V ಅಲ್ಲ, V − b. ಛೇದ ಚಿಕ್ಕದಾದರೆ ಒತ್ತಡ ಏರುತ್ತದೆ. ಅಂದರೆ b ಯಾವಾಗಲೂ Z ಅನ್ನು ಮೇಲಕ್ಕೆ ತಳ್ಳುತ್ತದೆ.

a ಇರುವುದು ಕಳೆಯುವ ಭಾಗದಲ್ಲಿ. ಗೋಡೆಗೆ ಬಡಿಯಲು ಹೊರಟ ಅಣುವನ್ನು ಹಿಂದಿರುವ ಅಣುಗಳು ಒಳಕ್ಕೆ ಎಳೆಯುತ್ತವೆ, ಬಡಿತ ಮೆದುವಾಗುತ್ತದೆ, ಒತ್ತಡ ಇಳಿಯುತ್ತದೆ. ಆದರೆ V ವರ್ಗ ಯಾಕೆ ಬಂತು? ಇಲ್ಲಿ ಒಂದು ನಿಮಿಷ ನಿಲ್ಲಿ, ಯಾಕೆಂದರೆ ಇದನ್ನು ತುಂಬಾ ಜನ ಸುಮ್ನೆ ಬಾಯಿಪಾಠ ಮಾಡಿಬಿಡುತ್ತಾರೆ. ಗೋಡೆಯ ಹತ್ತಿರ ಇರುವ ಅಣುಗಳ ಸಂಖ್ಯೆ ಸಾಂದ್ರತೆಗೆ ತಕ್ಕ ಹಾಗೆ ಇರುತ್ತದೆ, ಅಂದರೆ 1/V ಗೆ ತಕ್ಕ ಹಾಗೆ. ಆ ಪ್ರತಿಯೊಂದು ಅಣುವನ್ನು ಹಿಂದಿನಿಂದ ಎಳೆಯುವ ಅಣುಗಳ ಸಂಖ್ಯೆಯೂ 1/V ಗೆ ತಕ್ಕ ಹಾಗೆ ಇರುತ್ತದೆ. ಎಳೆಸಿಕೊಳ್ಳುವವು ಜಾಸ್ತಿ, ಎಳೆಯುವವೂ ಜಾಸ್ತಿ, ಎರಡನ್ನೂ ಗುಣಿಸಿದರೆ 1/V². ಎಷ್ಟು ಬಲವಾಗಿ ಎಳೆಯುತ್ತವೆ ಅನ್ನುವುದು ಅನಿಲದಿಂದ ಅನಿಲಕ್ಕೆ ಬೇರೆ, ಅದೇ a. a ಯ ವಿಚಿತ್ರ ಏಕಮಾನವೂ ಇಲ್ಲಿಂದಲೇ ಬಂದದ್ದು: ಅದನ್ನು ಗಾತ್ರದ ವರ್ಗದಿಂದ ಭಾಗಿಸಿದಾಗ ಒತ್ತಡ ಸಿಗಬೇಕು.

ಹೀಲಿಯಂಗೆ a ಸುಮಾರು 0.034, ಹೈಡ್ರೋಜನ್‌ಗೆ 0.244, ಕಾರ್ಬನ್ ಡೈಆಕ್ಸೈಡ್‌ಗೆ 3.59, ನೀರಿನ ಆವಿಗೆ 5.46. ಹೀಲಿಯಂನಿಂದ ನೀರಿಗೆ ಹೋಗುವಷ್ಟರಲ್ಲಿ a ನೂರೈವತ್ತು ಪಟ್ಟಿಗಿಂತ ಹೆಚ್ಚು ಬೆಳೆದಿದೆ. b ಮಾತ್ರ 0.024ರಿಂದ 0.043ರ ಒಳಗೇ ಓಡಾಡುತ್ತದೆ. ಅನಿಲಗಳ ನಡುವಿನ ದೊಡ್ಡ ವ್ಯತ್ಯಾಸ ಗಾತ್ರದಲ್ಲಿಲ್ಲ, ಸೆಳೆತದಲ್ಲಿದೆ. ಸುಲಭವಾಗಿ ದ್ರವವಾಗುವ ಅನಿಲ ಯಾವುದು ಅಂತ ಕೇಳಿದರೆ ಮೊದಲು a ನೋಡುವುದು ಇದಕ್ಕೇ.

ಹಂತ 4: ಸಿಲಿಂಡರ್ ತುಂಬುತ್ತಾ ಹೋಗಿ

ಈಗ ಅದೇ ಸಿಲಿಂಡರ್, ಅದೇ 320 ಕೆಲ್ವಿನ್. ಅನಿಲವನ್ನು ಮಾತ್ರ ಕಡಿಮೆಯಿಂದ ಜಾಸ್ತಿಗೆ ಏರಿಸೋಣ.

ಮೊದಲು 440 ಗ್ರಾಂ, ಅಂದರೆ 10 ಮೋಲ್, V = 1 ಲೀಟರ್. ಮೊದಲ ಭಾಗ 26.27 / 0.9573 = 27.44. ಎರಡನೇ ಭಾಗ 3.59. ಕಳೆದರೆ 23.85 ಅಟ್ಮಾಸ್ಫಿಯರ್. ಆದರ್ಶ ಲೆಕ್ಕ 26.27. Z = 0.908. ಗಮನಿಸಿ, b ಒತ್ತಡವನ್ನು ಸುಮಾರು 1.2 ಏರಿಸಿತು, a 3.6 ಇಳಿಸಿತು. ಸೆಳೆತ ಗೆದ್ದಿತು.

ಮುಂದೆ 2.2 ಕಿಲೋ, V = 0.2. ಮೊದಲ ಭಾಗ 167.0, ಎರಡನೆಯದು 3.59 / 0.04 = 89.75. ಒತ್ತಡ 77.25, Z = 0.59.

ಆಮೇಲೆ ನಮ್ಮ 4.4 ಕಿಲೋ, V = 0.1. ಮೊದಲ ಭಾಗ 26.27 / 0.0573 = 458.5. ಎರಡನೆಯದು 359. ಒತ್ತಡ 99.5, Z = 0.38. ಅಳತೆಗೆ ತೀರಾ ಹತ್ತಿರದ ಉತ್ತರ ಇದು. ಎರಡೇ ಸಂಖ್ಯೆ ಇಟ್ಟುಕೊಂಡು 263ರಿಂದ 100ಕ್ಕೆ ಬಂದುಬಿಟ್ಟೆವು, ಈ ಸಮೀಕರಣದ ಬಗ್ಗೆ ನನಗೆ ನಿಜಕ್ಕೂ ಗೌರವ ಮೂಡಿಸುವ ಜಾಗ ಇದು.

ಆದರೆ ಆ ಎರಡು ಭಾಗಗಳನ್ನು ಇನ್ನೊಮ್ಮೆ ನೋಡಿ. ಒಂದು 458, ಇನ್ನೊಂದು 359. ಎರಡೂ ಭಾರೀ ಸಂಖ್ಯೆಗಳು, ಉಳಿದದ್ದು ಅವುಗಳ ವ್ಯತ್ಯಾಸ ಮಾತ್ರ. ಇಂಥ ಕಡೆ a ಅಥವಾ b ಯಲ್ಲಿ ಚೂರು ಹೆಚ್ಚುಕಮ್ಮಿ ಆದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಅದನ್ನೇ ಮುಂದಿನ ಲೆಕ್ಕ ತೋರಿಸುತ್ತದೆ.

7.33 ಕಿಲೋ ತುಂಬಿ. V = 0.06. ಮೊದಲ ಭಾಗ 26.27 / 0.0173 = 1518. ಎರಡನೆಯದು 997. ಒತ್ತಡ 521 ಅಟ್ಮಾಸ್ಫಿಯರ್, Z = 1.19. ಕಡಿಮೆ ಒತ್ತಡದಲ್ಲಿ Z ಒಂದರಿಂದ ಇಳಿದು, ತಳ ಮುಟ್ಟಿ, ಮತ್ತೆ ಏರಿ ಒಂದನ್ನು ದಾಟಿತು. ಪುಸ್ತಕದ ಚಿತ್ರದಲ್ಲಿ ಕಾಣುವ ತಗ್ಗು ಇದೇ. ಆಕಾರ ಸರಿ. ಅಂಕಿ ಮಾತ್ರ ಸರಿಯಿಲ್ಲ: ಇಷ್ಟೇ ಸಾಂದ್ರತೆಯಲ್ಲಿ ನಿಜವಾದ ಕಾರ್ಬನ್ ಡೈಆಕ್ಸೈಡ್‌ನ ಒತ್ತಡ ಸುಮಾರು 150 ಅಟ್ಮಾಸ್ಫಿಯರ್. ಅಂದರೆ ನಿಜವಾದ Z ಇನ್ನೂ 0.35ರ ಹತ್ತಿರವೇ ಇದೆ. ಈ ತಾಪಮಾನದಲ್ಲಿ ಅದು ಒಂದನ್ನು ದಾಟುವುದು 500 ಅಟ್ಮಾಸ್ಫಿಯರ್ ಮೀರಿದ ಮೇಲೇ, ಇನ್ನೂ ಗಟ್ಟಿಯಾಗಿ ಒತ್ತಿದಾಗ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ಬಗೆಹರಿಸಿಕೊಳ್ಳಬಹುದು. ಸಮೀಕರಣದ ಪ್ರಕಾರ V ಸುಮಾರು 0.062 ಇದ್ದಾಗ Z ಸರಿಯಾಗಿ 1 ಆಗುತ್ತದೆ. ಆಗ ಅನಿಲ ಆದರ್ಶವಾಯಿತೇ? ಖಂಡಿತ ಇಲ್ಲ. ಎರಡು ದೊಡ್ಡ ತಿದ್ದುಪಡಿಗಳು ಒಂದನ್ನೊಂದು ಹೊಡೆದುಹಾಕಿವೆ ಅಷ್ಟೇ. ಚೂರು ಒತ್ತಿದರೂ ಸಡಿಲಿಸಿದರೂ Z ಜಾರಿಹೋಗುತ್ತದೆ. ನಿಜಕ್ಕೂ ಆದರ್ಶಕ್ಕೆ ಹತ್ತಿರ ಇರುವುದು V = 25 ಲೀಟರ್ ಇದ್ದಾಗ, ಒಂದು ಅಟ್ಮಾಸ್ಫಿಯರ್‌ನ ಹತ್ತಿರ. ಅಲ್ಲಿ Z = 0.996, ಎರಡೂ ತಿದ್ದುಪಡಿಗಳು ಚಿಕ್ಕವು.

ಹಂತ 5: b ಯನ್ನು ಅಣುವಿನ ಗಾತ್ರ ಅಂತ ಓದಬೇಡಿ

7.33 ಕಿಲೋ ಲೆಕ್ಕ ಯಾಕೆ ಕೆಟ್ಟಿತು ಅಂತ ತಿಳಿಯಬೇಕಾದರೆ b ಎಲ್ಲಿಂದ ಬಂತು ಅಂತ ನೋಡಬೇಕು. ಅಣುಗಳನ್ನು ಗಟ್ಟಿ ಗೋಲಗಳು ಅಂದುಕೊಳ್ಳಿ, ತ್ರಿಜ್ಯ r. ಎರಡು ಗೋಲಗಳ ಕೇಂದ್ರಗಳು 2r ಗಿಂತ ಹತ್ತಿರ ಬರಲಾರವು. ಹಾಗಾಗಿ ಒಂದರ ಸುತ್ತ 2r ತ್ರಿಜ್ಯದ ಗೋಲದಷ್ಟು ಜಾಗಕ್ಕೆ ಇನ್ನೊಂದರ ಕೇಂದ್ರ ಬರುವ ಹಾಗಿಲ್ಲ. ತ್ರಿಜ್ಯ ಎರಡರಷ್ಟಾದರೆ ಗಾತ್ರ ಎಂಟರಷ್ಟು. ಈ ನಿಷಿದ್ಧ ಜಾಗ ಒಂದು ಜೋಡಿಗೆ ಸೇರಿದ್ದು, ಇಬ್ಬರಿಗೂ ಹಂಚಿದರೆ ಒಂದು ಅಣುವಿಗೆ ಅದರ ಸ್ವಂತ ಗಾತ್ರದ ನಾಲ್ಕರಷ್ಟು. ಒಂದು ಮೋಲ್‌ಗೆ ಕೂಡಿಸಿದರೆ ಅದೇ b.

ಇದನ್ನು ಹಿಂದುಮುಂದಾಗಿಯೂ ಬಳಸಬಹುದು. ಕಾರ್ಬನ್ ಡೈಆಕ್ಸೈಡ್‌ನ b 42.7 ಘನ ಸೆಂಟಿಮೀಟರ್. ಅದನ್ನು 6.022 × 10²³ ರಿಂದ ಭಾಗಿಸಿ, ಮತ್ತೆ 4ರಿಂದ ಭಾಗಿಸಿದರೆ 1.77 × 10⁻²³ ಘನ ಸೆಂಟಿಮೀಟರ್, ಅಂದರೆ ಒಂದು ಅಣುವಿನ ಗಾತ್ರ. ಅದರಿಂದ ತ್ರಿಜ್ಯ ಸುಮಾರು 1.6 × 10⁻⁸ ಸೆಂಟಿಮೀಟರ್. ಅಣು ಎಷ್ಟು ದೊಡ್ಡದು ಅನ್ನುವುದಕ್ಕೆ ಒಳ್ಳೆಯ ಅಂದಾಜು, ಬರೀ ಒತ್ತಡ ಮತ್ತು ಗಾತ್ರ ಅಳೆದೇ ಸಿಕ್ಕಿದ್ದು.

ಈಗ ನೀರನ್ನು ನೋಡಿ. ನೀರಿನ b 0.0305 ಲೀಟರ್, ಅಂದರೆ 30.5 ಮಿಲಿಲೀಟರ್. ಆದರೆ ಒಂದು ಮೋಲ್ ದ್ರವ ನೀರು 18 ಮಿಲಿಲೀಟರ್‌ನಲ್ಲೇ ಹಿಡಿಯುತ್ತದೆ. V ಯಾವತ್ತೂ b ಗಿಂತ ಚಿಕ್ಕದಾಗಲಾರದು ಅಂತ ಸಮೀಕರಣ ಹೇಳುತ್ತದೆ, ಆದರೆ ಲೋಟದಲ್ಲಿರುವ ನೀರು ಆ ಗೆರೆಯನ್ನು ಯಾವತ್ತೋ ದಾಟಿಯಾಗಿದೆ! ಕಾರಣ ಆ ನಾಲ್ಕು ಪಟ್ಟಿನಲ್ಲೇ ಇದೆ. ಅಣುಗಳು ದೂರದೂರ ಇದ್ದು, ಒಂದು ಸಲಕ್ಕೆ ಇಬ್ಬಿಬ್ಬರೇ ಡಿಕ್ಕಿ ಹೊಡೆಯುತ್ತಾರೆ ಅನ್ನುವಾಗ ಮಾತ್ರ ಆ ಲೆಕ್ಕ ಸರಿ. ಅಣುಗಳು ಒತ್ತೊತ್ತಾಗಿ ಬಂದಾಗ ಒಂದರ ನಿಷಿದ್ಧ ಜಾಗ ಇನ್ನೊಂದರದ್ದರ ಮೇಲೆ ಹಾಯುತ್ತದೆ. ಒಂದೇ ಜಾಗವನ್ನು ಎರಡು ಮೂರು ಸಲ ಎಣಿಸಿದ ಹಾಗಾಗುತ್ತದೆ. ಅಣುವಿಗೆ ನಾಲ್ಕು ಪಟ್ಟು ಅನ್ನುವುದು ಆಗ ಜಾಸ್ತಿಯಾಯಿತು, V − b ತೀರಾ ಚಿಕ್ಕದಾಯಿತು, ಒತ್ತಡ 150 ಇರಬೇಕಾದ ಕಡೆ 521 ಬಂತು.

ಹಾಗಾಗಿ ಲೆಕ್ಕ ಮುಗಿದ ತಕ್ಷಣ V ಮತ್ತು b ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. V = 1 ಇದ್ದಾಗ ಅದು b ಯ 23 ಪಟ್ಟು, ಭಯವಿಲ್ಲ. V = 0.06 ಇದ್ದಾಗ ಒಂದೂವರೆ ಪಟ್ಟಿಗಿಂತಲೂ ಕಡಿಮೆ, ಉತ್ತರವನ್ನು ನಂಬಬೇಡಿ.

ಹಂತ 6: ಒಂದೇ ಸಾಲಿನಲ್ಲಿ Z ಯಾವ ಕಡೆ ಅಂತ ಹೇಳಿ

ಅನಿಲ ಅಷ್ಟೇನೂ ದಟ್ಟವಾಗಿಲ್ಲದಿದ್ದರೆ ಸಮೀಕರಣವನ್ನು ಹೀಗೆ ಇಳಿಸಬಹುದು:

```
Z ≈ 1 + (b − a/RT)/V
```

ಆವರಣದೊಳಗೆ ಇರುವುದು ನೇರ ಸ್ಪರ್ಧೆ. ಒಂದು ಕಡೆ b, ಇನ್ನೊಂದು ಕಡೆ a/RT. ಕಾರ್ಬನ್ ಡೈಆಕ್ಸೈಡ್‌ಗೆ 320 ಕೆಲ್ವಿನ್‌ನಲ್ಲಿ a/RT = 3.59 / 26.27 = 0.137, b ಕೇವಲ 0.043. ವ್ಯತ್ಯಾಸ −0.094. V = 1 ಇದ್ದರೆ Z ≈ 0.906, ಪೂರ್ತಿ ಲೆಕ್ಕದ 0.908ಕ್ಕೆ ಸಾಕಷ್ಟು ಹತ್ತಿರ.

ಹೈಡ್ರೋಜನ್ ಹಾಕಿ ನೋಡಿ. a/RT = 0.244 / 26.27 = 0.009. b = 0.027. b ಗೆದ್ದಿತು, Z ಒಂದಕ್ಕಿಂತ ಜಾಸ್ತಿ. ಸಾಮಾನ್ಯ ತಾಪಮಾನದಲ್ಲಿ ಹೈಡ್ರೋಜನ್ ಮತ್ತು ಹೀಲಿಯಂಗೆ ಆ ತಗ್ಗೇ ಕಾಣುವುದಿಲ್ಲ ಅಂತ ಓದಿರುತ್ತೀರಿ, ಅದಕ್ಕೆ ಕಾರಣ ಇಷ್ಟೇ. ಅವು ಬೇರೆ ನಿಯಮ ಪಾಲಿಸುತ್ತಿಲ್ಲ, ಅವುಗಳ a ಚಿಕ್ಕದು ಅಷ್ಟೇ. ಚೆನ್ನಾಗಿ ತಂಪು ಮಾಡಿದರೆ RT ಚಿಕ್ಕದಾಗಿ a/RT ಬೆಳೆಯುತ್ತದೆ, ಹೈಡ್ರೋಜನ್‌ಗೂ ತಗ್ಗು ಬರುತ್ತದೆ.

ಎರಡೂ ಸಮ ಆಗುವ ತಾಪಮಾನವೇ ಬಾಯ್ಲ್ ತಾಪಮಾನ, T = a/Rb. ಹೈಡ್ರೋಜನ್‌ಗೆ ಸುಮಾರು 112 ಕೆಲ್ವಿನ್ ಬರುತ್ತದೆ, ಪ್ರಯೋಗದಲ್ಲಿ ಸಿಗುವುದಕ್ಕೆ ಹತ್ತಿರ. ಕಾರ್ಬನ್ ಡೈಆಕ್ಸೈಡ್‌ಗೆ ಮಾತ್ರ ಈ ಸೂತ್ರ 1000 ಕೆಲ್ವಿನ್ ದಾಟಿಸುತ್ತದೆ, ನಿಜವಾದದ್ದು 700ರ ಆಸುಪಾಸು. a ತಾಪಮಾನದ ಜೊತೆ ಬದಲಾಗುವುದೇ ಇಲ್ಲ ಅಂತ ಹಿಡಿದದ್ದರ ಬೆಲೆ ಇದು.

ಹಂತ 7: ಒತ್ತಡ ಕೊಟ್ಟು ಗಾತ್ರ ಕೇಳಿದರೆ

ಆಗ ಸಮೀಕರಣ V ಯ ಘನ ಸಮೀಕರಣವಾಗುತ್ತದೆ. ಗಾಬರಿ ಬೇಡ, ಹೀಗೆ ಬರೆದು ಸುತ್ತು ಹಾಕಿ:

```
V(ಹೊಸ) = RT/(P + a/V²) + b
```

P = 23.85 ಇಟ್ಟುಕೊಳ್ಳೋಣ, ಉತ್ತರ 1 ಲೀಟರ್ ಬರಬೇಕು ಅಂತ ನಮಗೆ ಗೊತ್ತು. ಆದರ್ಶ ಗಾತ್ರ 26.27 / 23.85 = 1.1015ರಿಂದ ಶುರು ಮಾಡಿ. ಮೊದಲ ಸುತ್ತಿಗೆ 1.023, ಎರಡನೆಯದಕ್ಕೆ 1.006, ಮೂರನೆಯದಕ್ಕೆ 1.0015. ಪ್ರತಿ ಸುತ್ತಿಗೆ ತಪ್ಪು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತಿದೆ. ಆದರೆ V = 0.1ರ ಹತ್ತಿರ ಇದೇ ವಿಧಾನ ತೆವಳುತ್ತದೆ, ಒಂದು ಸುತ್ತಿಗೆ ತಪ್ಪಿನಲ್ಲಿ ಹತ್ತನೇ ಒಂದು ಭಾಗ ಮಾತ್ರ ಕಡಿಮೆಯಾಗುತ್ತದೆ. ಅಲ್ಲಿ ಎರಡು ಸುತ್ತಿನ ಉತ್ತರಗಳು ಹತ್ತಿರ ಇವೆ ಅಂತ ನಿಲ್ಲಿಸಬೇಡಿ. ಸಿಕ್ಕ V ಯನ್ನು ಮೂಲ ಸಮೀಕರಣಕ್ಕೆ ಹಾಕಿ, ಕೊಟ್ಟ P ಬರುತ್ತದಾ ಅಂತ ನೋಡಿ.

ತಾಪಮಾನ ಕ್ರಾಂತಿಕ ತಾಪಮಾನಕ್ಕಿಂತ ಕೆಳಗಿದ್ದರೆ ಇನ್ನೊಂದು ತೊಡಕು ಬರುತ್ತದೆ. ಕಾರ್ಬನ್ ಡೈಆಕ್ಸೈಡ್‌ಗೆ ಅದು 304 ಕೆಲ್ವಿನ್. 270 ಕೆಲ್ವಿನ್ ಹಾಕಿ ಲೆಕ್ಕ ಮಾಡಿ: V = 0.15ಕ್ಕೆ 47 ಅಟ್ಮಾಸ್ಫಿಯರ್ ಬರುತ್ತದೆ, V = 0.1ಕ್ಕೆ 28. ಒತ್ತಿದಷ್ಟೂ ಒತ್ತಡ ಇಳಿಯಿತು ಅಂತಾಯಿತು, ಯಾವ ಸ್ಥಿರ ವಸ್ತುವೂ ಹೀಗೆ ನಡೆದುಕೊಳ್ಳುವುದಿಲ್ಲ. ಇಂಥ ಅಂಕಿ ಕಂಡರೆ ಸಿಲಿಂಡರ್‌ನೊಳಗೆ ಬರೀ ಅನಿಲ ಉಳಿದಿಲ್ಲ, ಒಂದು ಭಾಗ ದ್ರವವಾಗಿದೆ ಅಂತ ಅರ್ಥ. ಆ ಪ್ರದೇಶದಲ್ಲಿ ಒಂದೇ ಒತ್ತಡಕ್ಕೆ ಮೂರು ಗಾತ್ರಗಳು ಸಿಗುತ್ತವೆ: ದೊಡ್ಡದು ಅನಿಲದ್ದು, ಚಿಕ್ಕದು ದ್ರವದ್ದು, ನಡುವಿನದಕ್ಕೆ ಅರ್ಥವಿಲ್ಲ. ನಿಜವಾದ ಒತ್ತಡ ಬೇಕಾದರೆ ಆ ತಾಪಮಾನದ ಆವಿ ಒತ್ತಡವನ್ನು ಪಟ್ಟಿಯಿಂದಲೇ ತೆಗೆದುಕೊಳ್ಳಿ. ಸಿಲಿಂಡರ್‌ನಲ್ಲಿ ದ್ರವವೂ ಆವಿಯೂ ಒಟ್ಟಿಗೆ ಇರುವವರೆಗೆ ಒತ್ತಡ ಅಲ್ಲೇ ನಿಂತಿರುತ್ತದೆ, ನೀವು ಇನ್ನೂ ಅರ್ಧ ಕಿಲೋ ತುಂಬಿದರೂ ಅಷ್ಟೇ.